ಕನ್ನಡ ಅಕ್ಷರದ ಎರಡು ಸಂಕೇತಗಳು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಶಾಸನಗಳಿಗೆ ಹೆಸರಾದ ನಾಡು. ಕದಂಬರ ಚರಿತ್ರೆಯನ್ನು ತಿಳಿಸುವ ತಾಳಗುಂದದ ಸ್ತಂಭಶಾಸನವೂ, ಬಳ್ಳಿಗಾವಿಯ ಅನೇಕ ಶಿಲಾಶಾಸನಗಳೂ ಶಿಕಾರಿಪುರ ತಾಲ್ಲೂಕಿಗೆ ಸೇರಿದವು. ಬಿ. ಎಲ್. ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಶಿಕಾರಿಪುರದ ಶಾಸನಗಳು 1902ರಲ್ಲಿ ಹೊರಬಂದ ಏಳನೆಯ ಸಂಪುಟದಲ್ಲಿಯೂ, ಸೊರಬದವು 1904ರಲ್ಲಿ ಹೊರಬಂದ ಎಂಟನೆಯ ಸಂಪುಟದಲ್ಲಿಯೂ ಅಚ್ಚಾಗಿವೆ. ಈ ಎರಡು ತಾಲ್ಲೂಕುಗಳಲ್ಲಿ ಶಾಸನಗಳು ದೊರೆತ ಊರುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಸೇರಿಸಬೇಕೆಂದು ಕಾಲೇಜು ವಿದ್ಯಾರ್ಥಿಗಳು ಕೆಲವರು ಹೊರಟರೆಂದು ಭಾವಿಸೋಣ. ಶಿಕಾರಿಪುರದ ಭಾಗವು ಹಲವು ವರ್ಷಗಳ ಹಿಂದೆ ಒಂದು ಸ್ಮರಣಸಂಚಿಕೆಗಾಗಿ ನುಡಿ ಫಾಂಟಿನಲ್ಲಿ ಸಿದ್ಧವಾದುದು. ಸೊರಬದ ಭಾಗವನ್ನು ಈಗ ಮೊಬೈಲಿನಲ್ಲಿ ಬೆರಳಚ್ಚು ಮಾಡಿ ಕಳುಹಿಸಿದ್ದಾರೆ. ಎರಡನ್ನೂ ಒಂದೇ ಕಡತಕ್ಕೆ ನಕಲು ಮಾಡಿದ್ದಾಯಿತು. ಗಣಕದ ತೆರೆಯ ಮೇಲೆ ಪಟ್ಟಿಯು ಅಚ್ಚುಕಟ್ಟಾಗಿಯೇ ಕಾಣುತ್ತಿದೆ. ಆದರೆ ‘ತಾಳಗುಂದ’ ಎಂದು ಹುಡುಕಿದರೆ ಅಂತಹ ಪದವೇ ಇಲ್ಲವೆಂದು ಗಣಕವು ಹೇಳುತ್ತದೆ. ಪದವು ಕಣ್ಣೆದುರಿಗೇ ಇದೆ, ಆದರೂ ಇಲ್ಲ! ಅದೇ ಪಟ್ಟಿಯನ್ನು ಮೊಬೈಲಿಗೆ ಕಳುಹಿಸಿದರೆ ಶಿಕಾರಿಪುರದ ಊರುಗಳೆಲ್ಲ ಅರ್ಥವಿಲ್ಲದ ಪರಕೀಯ ಚಿಹ್ನೆಗಳಾಗಿ, ಸೊರಬದ ಊರುಗಳು ಮಾತ್ರ ಕನ್ನಡವಾಗಿ ಉಳಿಯುತ್ತವೆ.

ಈ ವೈಚಿತ್ರ್ಯಕ್ಕೆ ಕಾರಣವೇನು? ಗಣಕವು ಕೆಟ್ಟಿಲ್ಲ, ಕಡತವೂ ಕೆಟ್ಟಿಲ್ಲ. ಒಂದೇ ರೀತಿ ಕಾಣುವ ಎರಡು ಬರಹಗಳು ಒಳಗೆ ಎರಡು ಬೇರೆ ಬೇರೆ ಸಂಕೇತಗಳಲ್ಲಿವೆ. ಈ ಸಂಕೇತಗಳ ಸ್ವರೂಪವನ್ನು ತಿಳಿದುಕೊಂಡರೆ ಮೇಲಿನ ಸಮಸ್ಯೆಯು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಬೆರಳು, ಸಂಖ್ಯೆ, ಆಕಾರ

ಗಣಕವು ಅಕ್ಷರವನ್ನು ಅರಿಯದು. ಅದು ಅರಿತಿರುವುದು ಸಂಖ್ಯೆಯನ್ನು ಮಾತ್ರ. ನಾವು ಒಂದು ಕೀಲಿಯನ್ನು ಒತ್ತಿದಾಗ ಮೂರು ಕಾರ್ಯಗಳು ನಡೆಯುತ್ತವೆ. ಮೊದಲನೆಯದಾಗಿ, ಕೀಲಿಮಣೆಯ ತಂತ್ರಾಂಶವು ಬೆರಳಿನ ಒತ್ತನ್ನು ಒಂದು ಸಂಖ್ಯೆಯಾಗಿ ಮಾರ್ಪಡಿಸುತ್ತದೆ. ಎರಡನೆಯದಾಗಿ, ಆ ಸಂಖ್ಯೆಯು ಕಡತದಲ್ಲಿ ದಾಖಲಾಗುತ್ತದೆ. ಮೂರನೆಯದಾಗಿ, ಫಾಂಟು ಎಂಬ ಆಕಾರಗಳ ಕೋಶವು ಆ ಸಂಖ್ಯೆಗೆ ತಕ್ಕ ಚಿತ್ರವನ್ನು ತೆರೆಯ ಮೇಲೆ ಬಿಡಿಸುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಮೂರನೆಯದು ಮಾತ್ರ. ಆದರೆ ಒಂದು ಕಡತದಿಂದ ಮತ್ತೊಂದಕ್ಕೆ ನಕಲು ಮಾಡುವಾಗ ನಿಶ್ಚಯವಾಗಿ ಸಾಗುವುದು ಎರಡನೆಯದು, ಎಂದರೆ ಸಂಖ್ಯೆ. ಫಾಂಟಿನ ಹೆಸರು ಕೆಲವೊಮ್ಮೆ ಅದರ ಜೊತೆಗೆ ಸಾಗುತ್ತದೆ, ಕೆಲವೊಮ್ಮೆ ಹಿಂದೆಯೇ ಉಳಿದುಬಿಡುತ್ತದೆ.

ಈ ಮೂರು ಮೆಟ್ಟಿಲುಗಳನ್ನು ನೆನಪಿನಲ್ಲಿಟ್ಟುಕೊಂಡು ‘ಸೊರಬ’ ಎಂಬ ಚಿಕ್ಕ ಹೆಸರನ್ನು ಎರಡು ಸಂಕೇತಗಳಲ್ಲಿಯೂ ಬಿಡಿಸಿ ನೋಡೋಣ.

ಹಳೆಯ ಫಾಂಟು: ಆಕಾರಕ್ಕೊಂದು ಸಂಖ್ಯೆ

1990ರ ದಶಕದಲ್ಲಿ ಬಳಕೆಯಲ್ಲಿದ್ದ ಸಾಮಾನ್ಯ ಗಣಕಗಳಿಗೆ ಕನ್ನಡದ ಗುಣಿತಾಕ್ಷರಗಳನ್ನೂ ಒತ್ತಕ್ಷರಗಳನ್ನೂ ತಾವಾಗಿಯೇ ಜೋಡಿಸುವ ಶಕ್ತಿಯಿರಲಿಲ್ಲ. ಒಂದು ಫಾಂಟಿನಲ್ಲಿ ದೊರೆಯುತ್ತಿದ್ದುದು 256ಕ್ಕೆ ಮೀರದ ಸ್ಥಾನಗಳು. ಅವೂ ರೋಮನ್ ಲಿಪಿಗೆಂದು ಮೀಸಲಾದವು. ಆಗ ಕನ್ನಡದ ತಂತ್ರಜ್ಞರು ಅಚ್ಚುಕೂಟದ ಮೊಳೆ ಜೋಡಿಸುವವರು ಹಿಡಿದ ಮಾರ್ಗವನ್ನೇ ಹಿಡಿದರು. ಮೊಳೆಯ ಪೆಟ್ಟಿಗೆಯಲ್ಲಿ ಇಡಿಯ ಅಕ್ಷರಗಳ ಜೊತೆಗೆ ಕೊಂಬು, ದೀರ್ಘ, ಒತ್ತು ಮೊದಲಾದ ಬಿಡಿ ಭಾಗಗಳೂ ಇರುವಂತೆ, ಫಾಂಟಿನ ಒಂದೊಂದು ಸ್ಥಾನದಲ್ಲಿ ಕನ್ನಡದ ಒಂದೊಂದು ಆಕಾರಖಂಡವನ್ನು ಇಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ವೂ, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯೂ ಈ ಬಗೆಯ ಫಾಂಟುಗಳನ್ನು ಒಳಗೊಂಡು ನಾಡಿನಾದ್ಯಂತ ಹರಡಿದುವು. ರೂಢಿಯಲ್ಲಿ ಇದಕ್ಕೆ ‘ಆಸ್ಕಿ ಕನ್ನಡ’ ಎಂಬ ಹೆಸರಿದೆ. ಆದರೆ ಆಸ್ಕಿ ಎಂಬ ಸಂಕೇತದಲ್ಲಿರುವುದು 0ಯಿಂದ 127ರವರೆಗಿನ ಸಂಖ್ಯೆಗಳು ಮಾತ್ರ. ಈ ಫಾಂಟುಗಳು 128ರಿಂದ 255ರವರೆಗಿನ ಸಂಖ್ಯೆಗಳನ್ನೂ ಬಳಸಿಕೊಳ್ಳುತ್ತವೆ.

ಇಂತಹ ಫಾಂಟಿನಲ್ಲಿ ‘ಸೊರಬ’ ಎಂಬುದು ಕಡತದೊಳಗೆ ಹೀಗಿರುತ್ತದೆ:

```
184   201   198   103   192   167
¸     É     Æ     g     À     §
```

ಮೇಲಿನ ಸಾಲಿನಲ್ಲಿರುವುದು ಸಂಖ್ಯೆಗಳು. ಅದೇ ಸಂಖ್ಯೆಗಳನ್ನು ರೋಮನ್ ಫಾಂಟು ಹೇಗೆ ತೋರಿಸುತ್ತದೆಂಬುದು ಕೆಳಗಿನ ಸಾಲು. ನುಡಿ ಫಾಂಟಿನಲ್ಲಿ 184 ಎಂಬುದು ತಲೆಕಟ್ಟಿಲ್ಲದ ಸಕಾರದ ಮೈ. 201 ಎಂಬುದು ಎತ್ವದ ಚಿಹ್ನೆ. 198 ಎಂಬುದು ಅದರ ಮುಂದೆ ಬರುವ ಕೊಂಬು. ಈ ಮೂರೂ ಸೇರಿ ‘ಸೊ’ ಆಯಿತು. 103 ರಕಾರದ ಮೈ, 192 ಅದರ ತಲೆಕಟ್ಟು. ಎರಡೂ ಸೇರಿ ‘ರ’. ಕೊನೆಯ 167 ಒಂದೇ ಸಂಖ್ಯೆ, ಇಡಿಯ ‘ಬ’. ಬಕಾರಕ್ಕೇಕೆ ಈ ವಿಶೇಷ? ಬ ಎಂಬ ಅಕ್ಷರವನ್ನು ಒಮ್ಮೆ ಬರೆದು ನೋಡಿರಿ. ಅದರ ತಲೆಯ ಮೇಲೆ ತಲೆಕಟ್ಟಿಲ್ಲ! ಖ, ಜ, ಟ, ಣ, ಲ ಎಂಬವುಗಳೂ ಹಾಗೆಯೇ. ಆದುದರಿಂದ ಅವುಗಳಿಗೆ ಒಂದೇ ಸಂಖ್ಯೆ ಸಾಕು. ಉಳಿದ ಹೆಚ್ಚಿನ ವ್ಯಂಜನಗಳಿಗೆ ಎರಡು ಬೇಕು. ಹಳೆಯ ಫಾಂಟಿನ ಬರಹವು ರೋಮನ್ ವೇಷದಲ್ಲಿ ಕಂಡಾಗ ಅದರ ತುಂಬ `À` ಎಂಬ ಚಿಹ್ನೆ ಕಿಕ್ಕಿರಿದಿರುವುದು ಈ ತಲೆಕಟ್ಟುಗಳಿಂದಲೇ.

ಆಕಾರವನ್ನೇ ಆಧಾರವಾಗಿ ಹಿಡಿದರೆ ಮಿತವ್ಯಯವೂ ಸಾಧ್ಯ. ಮಕಾರವೆಂದರೆ ವಕಾರದ ಮೈಗೆ ಕೊಂಬಿನಂತಹ ತಿರುವು ಸೇರಿದ ಆಕಾರವಲ್ಲವೆ? ಆದುದರಿಂದ ಈ ಫಾಂಟುಗಳಲ್ಲಿ `ªÀ` ಎಂದರೆ ವ, `ªÀÄ` ಎಂದರೆ ಮ. ಹಾಗಾದರೆ ‘ವು’ ಬರೆಯುವುದು ಹೇಗೆ? ಅದಕ್ಕೆ ಸ್ವಲ್ಪ ಬೇರೆಯಾದ ಇನ್ನೊಂದು ಕೊಂಬು ಇದೆ: `ªÀÅ`. ಅಂತೆಯೇ ಯಕಾರವು ಸೊನ್ನೆಯಂತಹ ಉರುಟಿನಿಂದ ತೊಡಗುವುದರಿಂದ ಅದರ ಮೊದಲ ಸಂಖ್ಯೆಯು ಅನುಸ್ವಾರದ ಸಂಖ್ಯೆಯೇ ಆಗಿದೆ: ಅನುಸ್ವಾರವು `A`, ಯಕಾರವು `AiÀÄ`. ಕಣ್ಣಿಗೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಗಣಕದ ಪಾಲಿಗೆ ಮಕಾರವು ವಕಾರದ ಕುಟುಂಬಕ್ಕೂ, ಯಕಾರವು ಅನುಸ್ವಾರದ ಕುಟುಂಬಕ್ಕೂ ಸೇರಿಹೋಯಿತು. ನಮ್ಮ ಊರುಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸೆಂದು ಗಣಕಕ್ಕೆ ಹೇಳಿದರೆ, ಯಕಾರದಿಂದ ತೊಡಗುವ ಊರುಗಳು ಅಕಾರದ ಊರುಗಳಿಗಿಂತಲೂ ಮೊದಲು ಬಂದು ಕುಳಿತುಕೊಳ್ಳುತ್ತವೆ. ಏಕೆಂದರೆ ಈ ಸಂಕೇತದಲ್ಲಿ ‘ಅ’ ಎಂಬುದು `C`. ರೋಮನ್ ವರ್ಣಮಾಲೆಯಲ್ಲಿ `A` ಎಂಬುದು `C`ಗಿಂತ ಮೊದಲಿನದು.

ಯೂನಿಕೋಡ್: ಅಕ್ಷರಕ್ಕೊಂದು ಸಂಖ್ಯೆ

1991ರಲ್ಲಿ ಮೊದಲ ಆವೃತ್ತಿಯಾಗಿ ಹೊರಬಂದ ಯೂನಿಕೋಡ್ ಬೇರೊಂದು ತತ್ತ್ವವನ್ನು ಹಿಡಿಯಿತು. ಜಗತ್ತಿನ ಪ್ರತಿಯೊಂದು ಲಿಪಿಗೂ ಅದರದೇ ಆದ ಸಂಖ್ಯೆಗಳ ಓಣಿಯೊಂದನ್ನು ಅದು ಬಿಟ್ಟುಕೊಟ್ಟಿತು. ಕನ್ನಡದ ಓಣಿಯು `0C80`ರಿಂದ `0CFF`ರವರೆಗೆ, ಒಟ್ಟು 128 ಸ್ಥಾನಗಳು. ಈ ಸಂಖ್ಯೆಗಳನ್ನು ಹದಿನಾರರ ಮಾನದಲ್ಲಿ ಬರೆಯುವ ರೂಢಿಯಿರುವುದರಿಂದ, ಒಂಬತ್ತರ ಮುಂದಿನ ಆರು ಅಂಕಿಗಳ ಬದಲಿಗೆ `A`ಯಿಂದ `F`ವರೆಗಿನ ಅಕ್ಷರಗಳು ಬರುತ್ತವೆ. ಈ ಓಣಿಯಲ್ಲಿ ರೋಮನ್ ಲಿಪಿಗೆ ಪ್ರವೇಶವಿಲ್ಲ. ರೋಮನ್ನಿನ ಓಣಿಯಲ್ಲಿ ಕನ್ನಡಕ್ಕೆ ಕೆಲಸವಿಲ್ಲ. ‘ಸೊರಬ’ ಎಂಬುದು ಇಲ್ಲಿ ಹೀಗಾಗುತ್ತದೆ:

```
0CB8   0CCA   0CB0   0CAC
ಸ       ೊ       ರ       ಬ
```

ತಲೆಕಟ್ಟಿಗೆ ಇಲ್ಲಿ ಸಂಖ್ಯೆಯಿಲ್ಲ. ಏಕೆಂದರೆ ತಲೆಕಟ್ಟು ಬರವಣಿಗೆಯ ಒಂದು ಗೆರೆಯೇ ಹೊರತು ಭಾಷೆಯ ಒಂದು ಅಕ್ಷರವಲ್ಲ. ಒತ್ತಕ್ಷರಗಳಿಗೂ ಪ್ರತ್ಯೇಕ ಸಂಖ್ಯೆಗಳಿಲ್ಲ. ವ್ಯಂಜನ, ವಿರಾಮಚಿಹ್ನೆಯಾದ ‘್’, ಮತ್ತೊಂದು ವ್ಯಂಜನ, ಇಷ್ಟನ್ನು ಕ್ರಮವಾಗಿ ಬರೆದರೆ, ಎರಡನೆಯದನ್ನು ಒತ್ತಾಗಿ ಕೆಳಗಿಳಿಸುವ ಕೆಲಸವನ್ನು ಫಾಂಟಿನಲ್ಲಿರುವ ಜೋಡಣೆಯ ನಿಯಮಗಳು ನೋಡಿಕೊಳ್ಳುತ್ತವೆ. ಶಾಸನಗಳಲ್ಲಿ ಕಾಣುವ ಹಳಗನ್ನಡದ ಱ ಮತ್ತು ೞ ಅಕ್ಷರಗಳಿಗೂ ಇಲ್ಲಿ `0CB1`, `0CDE` ಎಂಬ ಸ್ಥಾನಗಳಿವೆ. ಆದರೆ ಇಂತಹ ಜೋಡಣೆಗೆ ಗಣಕದ ಕಾರ್ಯವ್ಯವಸ್ಥೆಯೂ ನೆರವಾಗಬೇಕು. ವಿಂಡೋಸ್ ಬಳಸುವವರಿಗೆ ಆ ನೆರವು 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದಿತು. ಅದರ ಜೊತೆಗೆ ಬಂದ ಕನ್ನಡ ಫಾಂಟು ಶಿವಮೊಗ್ಗದಲ್ಲಿ ಹರಿಯುವ ನದಿಯ ಹೆಸರನ್ನೇ ಹೊತ್ತ ‘ತುಂಗಾ’.

ಹೀಗೆ ಹಳೆಯ ಫಾಂಟಿನ ಸಂಖ್ಯೆಯು ಆಕಾರವನ್ನು ಹೇಳುತ್ತದೆ. ಯೂನಿಕೋಡಿನ ಸಂಖ್ಯೆಯು ಅಕ್ಷರವನ್ನು ಹೇಳುತ್ತದೆ. ಮುಂದಿನ ಎಲ್ಲ ವ್ಯತ್ಯಾಸಗಳಿಗೂ ಇದೊಂದೇ ಮೂಲ. ‘ಶಿಕಾರಿಪುರ’ ಎಂಬ ಹೆಸರಿನಲ್ಲಿ ಇದನ್ನು ಪರೀಕ್ಷಿಸಬಹುದು. ಹಳೆಯ ಫಾಂಟಿನಲ್ಲಿ ಅದು `²PÁj¥ÀÅgÀ`, ಎಂದರೆ ಒಂಬತ್ತು ಸಂಖ್ಯೆಗಳು. ಯೂನಿಕೋಡಿನಲ್ಲಿಯೂ ಶ, ಿ, ಕ, ಾ, ರ, ಿ, ಪ, ು, ರ ಎಂದು ಒಂಬತ್ತೇ. ಆದರೆ ಈ ಹೊಂದಿಕೆಯು ಕೇವಲ ಆಕಸ್ಮಿಕ. ‘ಶಿ’ ಎಂಬುದಕ್ಕೆ ಹಳೆಯದರಲ್ಲಿ ಒಂದು ಸಂಖ್ಯೆ, ಹೊಸದರಲ್ಲಿ ಎರಡು. ‘ಪು’ ಎಂಬುದಕ್ಕೆ ಹಳೆಯದರಲ್ಲಿ ಮೂರು, ಹೊಸದರಲ್ಲಿ ಎರಡು. ಮೊತ್ತ ಒಂದೇ ಆದರೂ ಒಂದರ ಬದಲಿಗೆ ಒಂದನ್ನು ಇಡುತ್ತ ಹೋಗಲು ಸಾಧ್ಯವಿಲ್ಲ.

ನಕಲು ಮಾಡುವಾಗ ಆಗುವುದೇನು?

ನುಡಿ ಫಾಂಟಿನ ಬರಹವನ್ನು ವರ್ಡಿನ ಒಂದು ಕಡತದಿಂದ ಅದೇ ಗಣಕದ ಮತ್ತೊಂದು ಕಡತಕ್ಕೆ ನಕಲು ಮಾಡಿದಾಗ, ಸಂಖ್ಯೆಗಳ ಜೊತೆಗೆ ಫಾಂಟಿನ ಹೆಸರೂ ಸಾಮಾನ್ಯವಾಗಿ ಸಾಗುತ್ತದೆ. ಆ ಫಾಂಟು ಗಣಕದಲ್ಲಿರುವವರೆಗೆ ಎಲ್ಲವೂ ನೆಟ್ಟಗೆ ಕಾಣುತ್ತದೆ. ಅದನ್ನೇ ನೋಟ್‌ಪ್ಯಾಡಿಗೋ, ಮೊಬೈಲಿನ ಸಂದೇಶಕ್ಕೋ ನಕಲು ಮಾಡಿದರೆ ಸಂಖ್ಯೆಗಳು ಮಾತ್ರ ಸಾಗುತ್ತವೆ. 184 ಎಂಬ ಸಂಖ್ಯೆಯು ಅಲ್ಲಿ ಸಕಾರದ ಮೈಯಾಗದೆ ತನ್ನ ಮೂಲ ರೋಮನ್ ರೂಪವಾದ `¸` ಎಂದೇ ಗೋಚರಿಸುತ್ತದೆ. ಸೊರಬವು `¸ÉÆgÀ§` ಆಗುವುದು ಹೀಗೆ.

ವಿರುದ್ಧ ದಿಕ್ಕಿನ ನಕಲು ಇದಕ್ಕಿಂತಲೂ ಮೋಸಗೊಳಿಸುವಂತಹುದು. ಯೂನಿಕೋಡ್ ಬರಹವನ್ನು ನುಡಿ ಫಾಂಟಿನ ಕಡತದೊಳಗೆ ಸೇರಿಸಿದಾಗ, `0CB8` ಎಂಬ ಸಂಖ್ಯೆಗೆ ಆ ಹಳೆಯ ಫಾಂಟಿನಲ್ಲಿ ಯಾವ ಆಕಾರವೂ ಇರುವುದಿಲ್ಲ. ಆಗ ವರ್ಡಿನಂತಹ ತಂತ್ರಾಂಶವು ಸದ್ದಿಲ್ಲದೆ ಬೇರೊಂದು ಫಾಂಟಿನಿಂದ ಆಕಾರವನ್ನು ಎರವಲು ತಂದು ತೋರಿಸುತ್ತದೆ. ಅಕ್ಷರದ ದಪ್ಪವೋ ತಿರುವೋ ಸ್ವಲ್ಪ ಬೇರೆಯಾಗಿ ಕಂಡೀತು, ಅಷ್ಟೆ. ಬಳಸುವವನು ಎರಡೂ ಒಂದಾದುವೆಂದು ನಂಬುತ್ತಾನೆ. ನಮ್ಮ ಊರುಪಟ್ಟಿಯಲ್ಲಿ ಆದುದು ಇದೇ. ಹುಡುಕುವ ಪೆಟ್ಟಿಗೆಯಲ್ಲಿ ಯೂನಿಕೋಡಿನಲ್ಲಿ ‘ತಾಳಗುಂದ’ ಎಂದು ಬರೆದರೆ ಗಣಕವು `0CA4`, `0CBE` ಎಂದು ತೊಡಗುವ ಸಂಖ್ಯೆಗಳ ಸಾಲನ್ನು ಅರಸುತ್ತದೆ, ಕಡತದಲ್ಲಿರುವುದಾದರೋ `vÁ¼ÀUÀÄAzÀ`. ಸಂಖ್ಯೆಗಳು ತಾಳೆಯಾಗದುದರಿಂದ ಊರು ಸಿಗುವುದಿಲ್ಲ. ಅಕಾರಾದಿ ಜೋಡಣೆಯಲ್ಲಿಯೂ ಶಿಕಾರಿಪುರದ ಊರುಗಳೆಲ್ಲ ಒಂದು ಗುಂಪಾಗಿ, ಸೊರಬದ ಊರುಗಳೆಲ್ಲ ಅವುಗಳ ಕೆಳಗೆ ಮತ್ತೊಂದು ಗುಂಪಾಗಿ ನಿಲ್ಲುತ್ತವೆ. ಇಂತಹ ಪಟ್ಟಿಯನ್ನು ನಂಬಿ ‘ಈ ಊರಿನಲ್ಲಿ ಶಾಸನವಿಲ್ಲ’ ಎಂದು ಯಾರಾದರೂ ಬರೆದರೆ, ತಪ್ಪು ಚರಿತ್ರೆಯೊಳಗೆ ಹೊಕ್ಕಂತಾಯಿತು.

ಬೆರಳಚ್ಚಿನ ಭೇದ

ಬೆರಳಚ್ಚು ಮಾಡುವಾಗಲೇ ಈ ವ್ಯತ್ಯಾಸವು ತಿಳಿಯಬಾರದೆ ಎಂದು ಕೇಳಬಹುದು. ತಿಳಿಯದು, ಏಕೆಂದರೆ ಒಂದೇ ಕೀಲಿಮಣೆಯ ವಿನ್ಯಾಸವು ಎರಡು ಸಂಕೇತಗಳನ್ನೂ ಹೊರಡಿಸಬಲ್ಲುದು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ನುಡಿಯಲ್ಲಿ ಅಳವಡಿಸಲಾಗಿದೆ. ಅದರಲ್ಲಿ `k` ಒತ್ತಿದರೆ ಅಕಾರ ಸಹಿತವಾದ ‘ಕ’ವೇ ಬರುತ್ತದೆ, ಒತ್ತಕ್ಷರಕ್ಕೆ ನಡುವೆ `f` ಎಂಬ ಕೊಂಡಿಯನ್ನು ಒತ್ತಬೇಕು. ಆದುದರಿಂದ ಸೊರಬಕ್ಕೆ `sorb` ಎಂಬ ನಾಲ್ಕು ಕೀಲಿಗಳು ಸಾಕು. ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ `cMdfrgutfti` ಎಂಬ ಹನ್ನೊಂದು ಕೀಲಿಗಳು. ಬರಹದ ಲಿಪ್ಯಂತರ ಪದ್ಧತಿಯಲ್ಲಿಯಾದರೋ ಅಕಾರವನ್ನೂ ಒತ್ತಬೇಕು: `soraba`, `caMdragutti`. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕೀಲಿಗೂ ರೋಮನ್ ಉಚ್ಚಾರಣೆಗೂ ಸಂಬಂಧವಿಲ್ಲ. ಅಲ್ಲಿ ಸಕಾರವು `m`, ರಕಾರವು `j`, ಬಕಾರವು `y`.

ಈ ಮೂರು ವಿನ್ಯಾಸಗಳಲ್ಲಿ ಯಾವುದನ್ನು ಬಳಸಿದರೂ, ತಂತ್ರಾಂಶವು ಯೂನಿಕೋಡ್ ಸ್ಥಿತಿಯಲ್ಲಿದ್ದರೆ ಕಡತಕ್ಕೆ ಸೇರುವುದು `0CB8 0CCA 0CB0 0CAC` ಎಂಬ ಅವೇ ನಾಲ್ಕು ಸಂಖ್ಯೆಗಳು. ಇದಕ್ಕೆ ಪ್ರತಿಯಾಗಿ, ಬೆರಳುಗಳು ಅದೇ `sorb` ಎಂದು ಒತ್ತಿದರೂ ತಂತ್ರಾಂಶವು ಹಳೆಯ ಫಾಂಟಿನ ಸ್ಥಿತಿಯಲ್ಲಿದ್ದರೆ ಹಿಂದೆ ಕಂಡ ಆರು ಸಂಖ್ಯೆಗಳು ಹೊರಡುತ್ತವೆ. ಆಗ ಒಳಗೆ ನಡೆಯುವ ಕೆಲಸವು ಕುತೂಹಲಕರವಾಗಿದೆ. `s` ಒತ್ತಿದೊಡನೆ ಮೈಯೂ ತಲೆಕಟ್ಟೂ ಸೇರಿ ‘ಸ’ ಮೂಡುತ್ತದೆ; `o` ಒತ್ತಿದೊಡನೆ ತಂತ್ರಾಂಶವು ಹಿಂದಕ್ಕೆ ಸರಿದು ತಲೆಕಟ್ಟನ್ನು ಅಳಿಸಿ, ಅದರ ಸ್ಥಳದಲ್ಲಿ ಎತ್ವವನ್ನೂ ಕೊಂಬನ್ನೂ ಇಡುತ್ತದೆ. ಯೂನಿಕೋಡಿನಲ್ಲಿ ಹಿಂದಿರುಗಿ ಅಳಿಸುವ ಅಗತ್ಯವಿಲ್ಲ. ‘ಸ’ ಇದ್ದಂತೆಯೇ ಇರುತ್ತದೆ, ಅದರ ಮುಂದೆ ‘ೊ’ ಸೇರಿಕೊಳ್ಳುತ್ತದೆ.

ಈ ಭೇದವನ್ನು ಕಣ್ಣಾರೆ ಕಾಣಲು ಒಂದು ಸುಲಭವಾದ ಪರೀಕ್ಷೆಯಿದೆ. ‘ಚಂದ್ರಗುತ್ತಿ’ ಎಂಬ ಪದದ ಕೊನೆಯಲ್ಲಿ ನಿಂತು ಹಿನ್ನಡೆಯ ಕೀಲಿಯನ್ನು ಒಮ್ಮೆ ಮಾತ್ರ ಒತ್ತಿರಿ. ಹಳೆಯ ಫಾಂಟಿನಲ್ಲಿ ಈ ಪದವು `ZÀAzÀæUÀÄwÛ`. ಇದರ ಕೊನೆಯಲ್ಲಿರುವುದು ತಕಾರದ ಒತ್ತು. ಆದುದರಿಂದ ಒತ್ತು ಅಳಿಸಿಹೋಗಿ ‘ಚಂದ್ರಗುತಿ’ ಉಳಿಯುತ್ತದೆ. ಯೂನಿಕೋಡಿನಲ್ಲಿ ಕೊನೆಯ ಸಂಖ್ಯೆಯು ಇಕಾರದ್ದು. ಆದುದರಿಂದ ಗುಡಿಸು ಅಳಿಸಿಹೋಗಿ ‘ಚಂದ್ರಗುತ್ತ’ ಉಳಿಯುತ್ತದೆ. ಹಳೆಯದು ನಾವು ಕೈಯಿಂದ ಬರೆಯುವ ಕ್ರಮವನ್ನೂ, ಹೊಸದು ನಾವು ಉಚ್ಚರಿಸುವ ಕ್ರಮವನ್ನೂ ಅನುಸರಿಸುತ್ತವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪರಿವರ್ತನೆಯ ತೊಡಕು

ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ನುಡಿ ಮತ್ತು ಬರಹಗಳ ಜೊತೆಯಲ್ಲಿಯೂ, ಪ್ರತ್ಯೇಕವಾಗಿಯೂ ದೊರೆಯುತ್ತವೆ. ಪರಿವರ್ತಕದ ಕೆಲಸವು ಪದಕ್ಕೆ ಪದವಿಡುವ ನಿಘಂಟಿನ ಕೆಲಸದಷ್ಟು ಸರಳವಲ್ಲ. `wÛ` ಎಂಬುದನ್ನು ಕಂಡಾಗ ಅದು ಮೊದಲು ‘ತಿ’ ಎಂದು ಓದಿ, ಮುಂದೆ ಒತ್ತು ಬಂದುದನ್ನು ಕಂಡು, ಇಕಾರವನ್ನು ಕೀಳಿ, ಒತ್ತನ್ನು ಒಳಗೆ ಸೇರಿಸಿ, ಇಕಾರವನ್ನು ಮತ್ತೆ ಕೊನೆಗೆ ಇಡಬೇಕು. ಎಲ್ಲಕ್ಕಿಂತ ಹೆಚ್ಚು ತೊಡಕಿನದು ಅರ್ಕಾವತ್ತು. ‘ಕರ್ನಾಟಕ’ ಎಂಬುದರಲ್ಲಿ ರಕಾರದ ಉಚ್ಚಾರಣೆ ನಕಾರಕ್ಕಿಂತ ಮೊದಲು. ಬರವಣಿಗೆಯಲ್ಲಿ ಅರ್ಕಾವತ್ತು ‘ನಾ’ ಎಂಬುದರ ಅನಂತರ. ಹಳೆಯ ಫಾಂಟಿನಲ್ಲಿ ಈ ಪದವು ಹೀಗಿದೆ:

```
PÀ    £Á    ð    l    PÀ
ಕ     ನಾ    ರ್    ಟ    ಕ
```

ಪರಿವರ್ತಕವು ಅರ್ಕಾವತ್ತನ್ನು ಒಂದು ಹೆಜ್ಜೆ ಹಿಂದಕ್ಕೆ ಕೊಂಡೊಯ್ದು ‘ನಾ’ ಎಂಬುದರ ಮೊದಲಿಗೆ ಇಡಬೇಕು. ಹಾಗೆ ಮಾಡದೆ ಇದ್ದಲ್ಲಿಯೇ ಬಿಟ್ಟರೆ ದೊರೆಯುವ ಫಲ ‘ಕನಾರ್ಟಕ’. ಇದೇ ಕಾರಣದಿಂದ ‘ವರ್ಷ’ವು ‘ವಷರ್’ ಆಗುತ್ತದೆ. ಇಂತಹ ರೂಪಗಳನ್ನು ಅಚ್ಚಾದ ಹಾಳೆಗಳಲ್ಲಿ ಕಂಡಾಗ ಬರೆದವರಿಗೆ ಕಾಗುಣಿತ ಬಾರದೆಂದು ತಿಳಿಯಬೇಕಾಗಿಲ್ಲ. ಅದು ಬಹುಮಟ್ಟಿಗೆ ಪರಿವರ್ತನೆಯ ದೋಷ.

ಎರಡನೆಯ ತೊಡಕು ಬರಹದ ನಡುವೆ ಬರುವ ಇಂಗ್ಲಿಷ್ ಅಕ್ಷರಗಳದು. ಹಳೆಯ ಕಡತದಲ್ಲಿ `CD` ಎಂಬ ಎರಡು ಅಕ್ಷರಗಳು ನಿಜವಾದ ರೋಮನ್ ಅಕ್ಷರಗಳಾಗಿರಬಹುದು, ಅಥವಾ ‘ಅಆ’ ಆಗಿರಬಹುದು. ಸಂಖ್ಯೆಗಳು ಎರಡಕ್ಕೂ ಒಂದೇ. ಯಾವುದೆಂದು ಹೇಳಬಲ್ಲುದು ಫಾಂಟಿನ ಹೆಸರು ಮಾತ್ರ. ಫಾಂಟನ್ನು ನೋಡದೆ ಸಂಖ್ಯೆಗಳನ್ನು ಮಾತ್ರ ಓದುವ ಪರಿವರ್ತಕವು ಇಂಗ್ಲಿಷನ್ನೂ ಕನ್ನಡವೆಂದು ಭಾವಿಸಿ ತಿರುಗಿಸಿಬಿಡುತ್ತದೆ. ಆದುದರಿಂದ ಇಂಗ್ಲಿಷ್ ಪದಗಳನ್ನು ಬೇರೆಯಾಗಿ ತೆಗೆದಿಟ್ಟು, ಕನ್ನಡ ಭಾಗವನ್ನು ಮಾತ್ರ ಪರಿವರ್ತಿಸಿ, ಅನಂತರ ಅವುಗಳನ್ನು ಸ್ವಸ್ಥಾನದಲ್ಲಿ ಸೇರಿಸುವುದು ಕ್ಷೇಮ.

ಕೆಟ್ಟ ಬರಹದ ನಾಲ್ಕು ಲಕ್ಷಣಗಳು

ವೈದ್ಯನು ಲಕ್ಷಣವನ್ನು ನೋಡಿ ರೋಗವನ್ನು ಊಹಿಸುವಂತೆ, ಕೆಟ್ಟು ಕಾಣುವ ಬರಹದ ರೂಪದಿಂದಲೇ ಅದರ ಕಾರಣವನ್ನು ಹೇಳಬಹುದು. `¸ÉÆgÀ§` ಎಂಬಂತೆ ಕಂಡು, ನಡುನಡುವೆ `À` ತುಂಬಿಕೊಂಡಿದ್ದರೆ ಅದು ಹಳೆಯ ಫಾಂಟಿನ ಬರಹ. ಸಂಖ್ಯೆಗಳು ಭದ್ರವಾಗಿವೆ, ಫಾಂಟನ್ನು ಕೊಟ್ಟರೆ ಅಥವಾ ಪರಿವರ್ತಿಸಿದರೆ ಬರಹವು ಪೂರ್ತಿಯಾಗಿ ಮರಳಿ ಬರುತ್ತದೆ. ಚಿಕ್ಕ ಚೌಕಗಳು ಕಂಡರೆ ಅದು ಬಹುಶಃ ಯೂನಿಕೋಡ್ ಬರಹವೇ. ಆ ಗಣಕದಲ್ಲಿ ತಕ್ಕ ಫಾಂಟಿಲ್ಲ. ಇಲ್ಲಿಯೂ ನಷ್ಟವೇನಿಲ್ಲ.

ಮೂರನೆಯದು `à²¸à³Šà²°à²¬` ಎಂಬಂತಹ ಸಾಲು. ಇದನ್ನು ಹಳೆಯ ಫಾಂಟೆಂದು ತಪ್ಪು ತಿಳಿಯಬಾರದು. ಯೂನಿಕೋಡ್ ಬರಹವನ್ನು ಕಡತದಲ್ಲಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಸಂಖ್ಯೆಯೂ ಮೂರು ಬೈಟುಗಳಾಗಿ ಬಿಡಿಸಲ್ಪಡುತ್ತದೆ. ಆ ಬೈಟುಗಳನ್ನು ಒಂದೊಂದನ್ನೇ ರೋಮನ್ ಅಕ್ಷರವೆಂದು ಓದಿದಾಗ ಈ ರೂಪವು ಬರುತ್ತದೆ. ಮತ್ತೆ ಮತ್ತೆ ಬರುವ `à²` ಮತ್ತು `à³` ಎಂಬ ಜೋಡಿಗಳೇ ಇದರ ಗುರುತು. ಇದನ್ನು ನುಡಿಯ ಪರಿವರ್ತಕಕ್ಕೆ ಕೊಟ್ಟರೆ ಕೆಟ್ಟುದು ಇನ್ನಷ್ಟು ಕೆಡುತ್ತದೆ. ಮೂಲ ಕಡತವನ್ನು ಯುಟಿಎಫ್-8 ಎಂದು ಸೂಚಿಸಿ ಮತ್ತೆ ತೆರೆದರೆ ಸಾಕು.

ನಾಲ್ಕನೆಯ ಲಕ್ಷಣವೊಂದೇ ಮಾರಕವಾದುದು: `????` ಎಂಬ ಪ್ರಶ್ನಚಿಹ್ನೆಗಳ ಸಾಲು. ಯೂನಿಕೋಡನ್ನು ಅರಿಯದ ಹಳೆಯ ಪುಟವಿನ್ಯಾಸದ ತಂತ್ರಾಂಶಕ್ಕೆ ಯೂನಿಕೋಡ್ ಬರಹವನ್ನು ನಕಲು ಮಾಡಿದಾಗ, ಅದು ತನಗೆ ತಿಳಿಯದ ಪ್ರತಿಯೊಂದು ಸಂಖ್ಯೆಯ ಬದಲಿಗೆ ಪ್ರಶ್ನಚಿಹ್ನೆಯ ಸಂಖ್ಯೆಯಾದ 63ನ್ನು ಬರೆದುಬಿಡುತ್ತದೆ. ಮೂಲದ ಸಂಖ್ಯೆಯೇ ಅಳಿದುಹೋದ ಮೇಲೆ ಯಾವ ಫಾಂಟಾಗಲಿ ಪರಿವರ್ತಕವಾಗಲಿ ಅದನ್ನು ಮರಳಿ ತರಲಾರದು. ಇಂತಹ ಕಡತವನ್ನು ಉಳಿಸದೆ ಮುಚ್ಚಿ, ಮೂಲಪ್ರತಿಗೆ ಹಿಂದಿರುಗುವುದೊಂದೇ ದಾರಿ.

ಊರುಪಟ್ಟಿಯನ್ನು ಸರಿಪಡಿಸುವ ಕ್ರಮ

ಈಗ ನಮ್ಮ ವಿದ್ಯಾರ್ಥಿಗಳು ಮಾಡಬೇಕಾದುದೇನೆಂಬುದು ತಾನಾಗಿಯೇ ಹೊಳೆಯುತ್ತದೆ. ಮೊದಲು ಕಡತದ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಅನಂತರ ಪಟ್ಟಿಯ ಒಂದೊಂದು ಭಾಗವನ್ನೂ ನೋಟ್‌ಪ್ಯಾಡಿಗೆ ನಕಲು ಮಾಡಿ ನೋಡಬೇಕು. ಕನ್ನಡವಾಗಿಯೇ ಉಳಿದುದು ಯೂನಿಕೋಡ್; ರೋಮನ್ ವೇಷ ತಾಳಿದುದು ಹಳೆಯದು. ಒಂದೇ ಅಕ್ಷರದ ವಿಷಯದಲ್ಲಿ ಸಂದೇಹವಿದ್ದರೆ, ವರ್ಡಿನಲ್ಲಿ ಆ ಅಕ್ಷರದ ಮುಂದೆ ನಿಂತು `Alt+X` ಒತ್ತಿದರೆ ಅಕ್ಷರದ ಬದಲಿಗೆ ಅದರ ಸಂಖ್ಯೆಯೇ ಕಾಣುತ್ತದೆ. ಅದು `0C` ಎಂದು ತೊಡಗಿದರೆ ಯೂನಿಕೋಡ್ ಎಂದು ನಿರ್ಧರಿಸಬಹುದು. ಮತ್ತೊಮ್ಮೆ ಒತ್ತಿದರೆ ಅಕ್ಷರವು ಮರಳುತ್ತದೆ.

ಹೀಗೆ ಬೇರ್ಪಡಿಸಿದ ಹಳೆಯ ಭಾಗವನ್ನು ಮಾತ್ರ ಪರಿವರ್ತಿಸಿ, ಅರ್ಕಾವತ್ತಿರುವ ಪದಗಳನ್ನೂ ಇಂಗ್ಲಿಷ್ ಇರುವ ಸಾಲುಗಳನ್ನೂ ಮೂಲದೊಡನೆ ಹೋಲಿಸಿ ನೋಡಬೇಕು. ಕೆಲಸವು ಪೂರ್ತಿಯಾಯಿತೆಂಬುದಕ್ಕೆ ಎರಡು ಸಾಕ್ಷಿಗಳಿವೆ. ಕಡತದಲ್ಲಿ `À` ಎಂಬ ಚಿಹ್ನೆಯನ್ನು ಹುಡುಕಿದರೆ ಒಂದೂ ಸಿಗಬಾರದು. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರೆ ಆನವಟ್ಟಿ, ಚಂದ್ರಗುತ್ತಿ, ತಾಳಗುಂದ, ಬಳ್ಳಿಗಾವಿ ಎಂದು ಎರಡು ತಾಲ್ಲೂಕುಗಳ ಊರುಗಳೂ ಒಂದರೊಡನೊಂದು ಬೆರೆತು ನಿಲ್ಲಬೇಕು. ಇನ್ನು ಮುಂದೆ ಸೇರಿಸುವ ಊರುಗಳನ್ನು ಯಾರು ಯಾವ ಕೀಲಿಮಣೆಯ ವಿನ್ಯಾಸದಿಂದ ಒತ್ತಿದರೂ ಬಾಧಕವಿಲ್ಲ. ಆದರೆ ಒತ್ತುವುದಕ್ಕೆ ಮೊದಲು ತಂತ್ರಾಂಶವನ್ನು ಯೂನಿಕೋಡ್ ಸ್ಥಿತಿಯಲ್ಲಿ ಇಟ್ಟಿರುವುದನ್ನು ನೋಡಿಕೊಳ್ಳಬೇಕು. ಇಷ್ಟಾದರೆ ‘ತಾಳಗುಂದ’ ಎಂದು ಹುಡುಕಿದವರಿಗೆ ತಾಳಗುಂದವು ದೊರೆಯುತ್ತದೆ.